ಮೂಲವ್ಯಾಧಿ ಶಸ್ತ್ರಚಿಕಿತ್ಸೆಯ ಕ್ಲೇಮು: ಬಿಲ್ಲಿಗಿಂತ ಮೊದಲು ನೋಡಬೇಕಾದದ್ದು ಓಪಿಡಿ ಚೀಟಿ

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿ ನನ್ನ ಕೆಲಸ. ಮೂಲವ್ಯಾಧಿಯ ಶಸ್ತ್ರಚಿಕಿತ್ಸೆಗೆಂದು ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಬೆಳಿಗ್ಗೆ ಸೇರಿಸಿಕೊಂಡು ಸಂಜೆಗೆ ಮನೆಗೆ ಕಳಿಸಿದರೆ ವಿಮೆಯ ಹಣ ಬರುತ್ತದೆಯೇ ಎಂದು. ಬರುತ್ತದೆ. ಮೊದಲು ಒಂದು ದಿನಕ್ಕಿಂತ ಹೆಚ್ಚು ದಾಖಲಾಗಲೇಬೇಕಿದ್ದು, ಈಗ ತಂತ್ರಜ್ಞಾನ ಸುಧಾರಿಸಿದ್ದರಿಂದ 24 ಗಂಟೆಯೊಳಗೆ ಮುಗಿಯುವ, ಅರಿವಳಿಕೆ ಕೊಟ್ಟು ಮಾಡುವ ಚಿಕಿತ್ಸೆಯನ್ನು ಪಾಲಿಸಿಗಳು ಡೇ ಕೇರ್ ಎಂದು ಒಪ್ಪುತ್ತವೆ. ಲೇಸರ್, ಸ್ಟೇಪ್ಲರ್ ಮತ್ತು ಗಂಟು ಕತ್ತರಿಸಿ ತೆಗೆಯುವ ಹಳೆಯ ಪದ್ಧತಿ, ಈ ಮೂರೂ ಅದರಡಿ ಬರುತ್ತವೆ. ಆದರೆ ವೈದ್ಯರ ಕೊಠಡಿಯಲ್ಲೇ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಅಥವಾ ಇಂಜೆಕ್ಷನ್ ತೆಗೆದುಕೊಂಡು ಎದ್ದು ಹೋದರೆ ಅದನ್ನು ಹೊರರೋಗಿ ಚಿಕಿತ್ಸೆ ಎಂದೇ ಲೆಕ್ಕ ಹಿಡಿಯುತ್ತಾರೆ, ಸಾಮಾನ್ಯ ಪಾಲಿಸಿಯಲ್ಲಿ ಅದಕ್ಕೆ ಹಣವಿಲ್ಲ. ಹಾಗೆಯೇ ಚಿಕಿತ್ಸೆ ನಡೆದ ಜಾಗದಲ್ಲಿ ಸುಸಜ್ಜಿತ ಆಪರೇಷನ್ ಥಿಯೇಟರ್, ಅರ್ಹ ವೈದ್ಯರು, ದಾದಿಯರು ಮತ್ತು ದಿನದಿನದ ದಾಖಲೆ ಇರಬೇಕು. ಹೊರಗೆ ದೊಡ್ಡ ಬೋರ್ಡಿದ್ದು ಒಳಗೆ ಒಂದು ಮಂಚ ಮಾತ್ರ ಇರುವ ಕ್ಲಿನಿಕ್ಕಿನ ಬಿಲ್ಲು ಈ ಹಂತವನ್ನೇ ದಾಟುವುದಿಲ್ಲ.

ನಾನು ನೋಡಿದಂತೆ ಕ್ಲೇಮುಗಳು ಹೆಚ್ಚಾಗಿ ನಿಲ್ಲುವುದು ಡೇ ಕೇರ್ ವಿಷಯದಲ್ಲಲ್ಲ, ಕಾಯುವ ಅವಧಿಯ ವಿಷಯದಲ್ಲಿ. ಸ್ವಂತವಾಗಿ ಕೊಂಡ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರಾವುದಕ್ಕೂ ಹಣ ಸಿಗುವುದಿಲ್ಲ. ಅದರಾಚೆ, ಹೆಸರು ಹೇಳಿ ಪಟ್ಟಿ ಮಾಡಿದ ಕೆಲವು ಕಾಯಿಲೆಗಳಿಗೆ ಪ್ರತ್ಯೇಕ ಅವಧಿ ಇರುತ್ತದೆ. ಮೂಲವ್ಯಾಧಿ, ಫಿಶರ್ ಮತ್ತು ಫಿಸ್ಟುಲಾ ಆ ಪಟ್ಟಿಯಲ್ಲಿ ಇದ್ದೇ ಇರುತ್ತವೆ ಎನ್ನಬಹುದು, ಅವಧಿ ಬಹುತೇಕ 24 ತಿಂಗಳು. ಕಾಯಿಲೆ ಪಾಲಿಸಿ ಮಾಡಿಸಿದ ಮೇಲೆಯೇ ಶುರುವಾದರೂ ಈ ಅವಧಿ ಅನ್ವಯಿಸುತ್ತದೆ ಎಂಬುದನ್ನು ಜನ ನಂಬುವುದಿಲ್ಲ, ನಾನು ಪಾಲಿಸಿಯ ಪುಟ ತೆರೆದು ತೋರಿಸಬೇಕಾಗುತ್ತದೆ. ಮೂರನೆಯದು, ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಯ ಅವಧಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದ ಪ್ರಕಾರ ಇದು ಹೆಚ್ಚೆಂದರೆ 36 ತಿಂಗಳು. ಒಂದೇ ಕಾಯಿಲೆ ಎರಡೂ ಗುಂಪಿಗೆ ಸೇರಿದರೆ ಉದ್ದದ ಅವಧಿಯೇ ಲೆಕ್ಕಕ್ಕೆ ಬರುತ್ತದೆ. ಕಂಪನಿಯಿಂದ ಸಿಗುವ ಗುಂಪು ವಿಮೆಯಲ್ಲಿ ಈ ಅವಧಿಗಳನ್ನು ಅನೇಕ ವೇಳೆ ತೆಗೆದುಹಾಕಿರುತ್ತಾರೆ, ಆದ್ದರಿಂದ ಎರಡೂ ಪಾಲಿಸಿ ಇರುವವರಿಗೆ ಮೊದಲು ಕಂಪನಿಯ ಕಾರ್ಡು ಕೊಡಿ ಎಂದು ಹೇಳುತ್ತೇನೆ.

ಇದೆಲ್ಲ ಕಾಗದದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಪ್ರಕರಣವನ್ನು, ಗುರುತು ಸಿಗದಂತೆ, ವಿವರವಾಗಿ ಹೇಳುತ್ತೇನೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವ ಒಬ್ಬರು 2022ರ ಆಗಸ್ಟಿನಲ್ಲಿ ಪಾಲಿಸಿ ಮಾಡಿಸಿದ್ದರು ಮತ್ತು ನಡುವೆ ಬಿಡದೆ ನವೀಕರಿಸುತ್ತ ಬಂದಿದ್ದರು. ಮೂರನೇ ಹಂತದ ಮೂಲವ್ಯಾಧಿಗೆ 2024ರ ಅಕ್ಟೋಬರಿನಲ್ಲಿ ಲೇಸರ್ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ಅಷ್ಟರಲ್ಲಿ 26 ತಿಂಗಳು ಕಳೆದಿದ್ದರಿಂದ ಎರಡು ವರ್ಷದ ತಡೆ ಮುಗಿದಿತ್ತು. ಆದರೂ ಕ್ಯಾಶ್‌ಲೆಸ್ ಅರ್ಜಿಗೆ ಒಪ್ಪಿಗೆಯ ಬದಲು ಪ್ರಶ್ನೆ ಬಂತು: ಕಾಯಿಲೆ ನಿಖರವಾಗಿ ಎಷ್ಟು ಕಾಲದಿಂದ ಇದೆ, ಮೊದಲು ತೋರಿಸಿದ ಚೀಟಿ ಎಲ್ಲಿ, ಹಿಂದಿನ ಚಿಕಿತ್ಸೆಯ ದಾಖಲೆ ಏನು.

ಕಡತ ತೆರೆದು ನೋಡಿದಾಗ ಕಾರಣ ಕಾಣಿಸಿತು. ಸರ್ಜನ್ನರ ಓಪಿಡಿ ಚೀಟಿಯಲ್ಲಿ ಮಲದೊಂದಿಗೆ ರಕ್ತ ಹೋಗುವುದರ ಮುಂದೆ 3/12 ಎಂದಿತ್ತು. ವೈದ್ಯರ ರೂಢಿಯಲ್ಲಿ ಅದು ಮೂರು ತಿಂಗಳು. ದಾಖಲಾತಿಯ ಕೇಸ್ ಶೀಟಿನಲ್ಲಿ ಮಾತ್ರ ಡ್ಯೂಟಿ ಡಾಕ್ಟರು ಅದನ್ನೇ ಮೂರು ವರ್ಷ ಎಂದು ಬರೆದಿದ್ದರು. ವಿಚಾರಿಸಿದಾಗ ರೋಗಿಯ ತಾಯಿ, "ಅವಂಗ ಮೂರ್ ವರ್ಷದಿಂದ ಹೊಟ್ಟಿ ಕಟ್ಟತೈತ್ರಿ, ಅದನ್ನ ಹೇಳೀನಿ" ಎಂದರು. ಅವರು ಹೇಳಿದ್ದು ಮಲಬದ್ಧತೆಯ ಮಾತು, ಶೀಟಿನಲ್ಲಿ ಸೇರಿದ್ದು ರಕ್ತಸ್ರಾವದ ಸಾಲಿನಲ್ಲಿ. ಮೂರು ವರ್ಷ ಎಂದರೆ 2021ರ ಅಕ್ಟೋಬರು, ಅಂದರೆ ಪಾಲಿಸಿಗಿಂತ ಹತ್ತು ತಿಂಗಳು ಮುಂಚೆ. ಹಾಗೆ ಓದಿದವರಿಗೆ ಇದು ಮೊದಲೇ ಇದ್ದ ಕಾಯಿಲೆಯಂತೆ ಕಾಣುವುದು ಸಹಜ, ಆಗ 2025ರ ಆಗಸ್ಟಿನವರೆಗೆ ಕಾಯಬೇಕಾಗುತ್ತಿತ್ತು.

ಇಂಥ ವೇಳೆ ಕೇಸ್ ಶೀಟಿನ ಮೇಲೆ ಗೀಚಿ ತಿದ್ದುವುದಕ್ಕೆ ನಾನು ಯಾರಿಗೂ ಬಿಡುವುದಿಲ್ಲ, ತಿದ್ದಿದ ಹಾಳೆ ತಪ್ಪು ಹಾಳೆಗಿಂತ ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಸರ್ಜನ್ನರು ತಮ್ಮ ಲೆಟರ್‌ಹೆಡ್ಡಿನಲ್ಲಿ, ಮಲಬದ್ಧತೆ ಮೂರು ವರ್ಷದ್ದು, ರಕ್ತಸ್ರಾವ ಮತ್ತು ಗಂಟು ಹೊರಬರುವುದು ಮೂರು ತಿಂಗಳದ್ದು, ಮೂಲವ್ಯಾಧಿ ಎಂದು ಮೊದಲು ಪತ್ತೆಯಾದದ್ದು ಇಂಥ ದಿನ ಎಂದು ಬೇರೆಬೇರೆಯಾಗಿ ಬರೆದು, ಸಹಿ, ನೋಂದಣಿ ಸಂಖ್ಯೆ ಮತ್ತು ದಿನಾಂಕ ಹಾಕಿ ಕೊಟ್ಟರು. ಅದರೊಂದಿಗೆ ಮೂಲ ಓಪಿಡಿ ಚೀಟಿಯನ್ನೂ, ಗುದದ್ವಾರದ ಒಳಭಾಗವನ್ನು ನಳಿಕೆಯಿಂದ ನೋಡುವ ಪ್ರಾಕ್ಟೋಸ್ಕೋಪಿಯ ವರದಿಯನ್ನೂ ಕಳಿಸಿದೆವು, ಒಪ್ಪಿಗೆ ಬಂತು.

ಇಲ್ಲಿ ರೋಗಿಗಳಿಗೆ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. ನಿಯಮದ ವ್ಯಾಖ್ಯೆಯಂತೆ ಮೊದಲೇ ಇದ್ದ ಕಾಯಿಲೆ ಎಂದರೆ, ಪಾಲಿಸಿ ಶುರುವಾಗುವ ಮುಂಚಿನ 36 ತಿಂಗಳಲ್ಲಿ ವೈದ್ಯರು ಪತ್ತೆ ಹಚ್ಚಿದ, ಇಲ್ಲವೆ ವೈದ್ಯರ ಸಲಹೆ ಅಥವಾ ಚಿಕಿತ್ಸೆ ಪಡೆದ ಕಾಯಿಲೆ. ಯಾವ ವೈದ್ಯರನ್ನೂ ಕಾಣದೆ ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ದಿನ ದೂಡಿದ್ದರೆ ಅದು ಈ ವ್ಯಾಖ್ಯೆಯೊಳಗೆ ಸುಲಭವಾಗಿ ಬರುವುದಿಲ್ಲ, ನಿರಾಕರಣೆಯ ಪತ್ರಕ್ಕೆ ಉತ್ತರ ಬರೆಯುವಾಗ ಈ ಸಾಲನ್ನೇ ಹಿಡಿಯಬೇಕು. ಆದರೆ ಅರ್ಜಿಯ ನಮೂನೆಯಲ್ಲಿ ಈಗಾಗಲೇ ಲಕ್ಷಣಗಳೇನಾದರೂ ಇವೆಯೇ ಎಂದು ಕೇಳಿದ್ದು, ಇಲ್ಲ ಎಂದು ಗುರುತು ಹಾಕಿದ್ದರೆ, ಅದು ಮುಚ್ಚಿಟ್ಟ ಮಾಹಿತಿಯ ಬೇರೊಂದು ತಕರಾರಾಗುತ್ತದೆ. ಏಜೆಂಟರು ತುಂಬಿದ ನಮೂನೆಗೂ ಸಹಿ ನಿಮ್ಮದೇ.

ಅವಧಿ ಎಣಿಸುವಾಗ ಮೊದಲ ಪಾಲಿಸಿಯ ದಿನಾಂಕ ಬೇಕು, ಹಾಲಿ ವರ್ಷದ್ದು ಸಾಲದು. ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದವರಿಗೆ ಹಿಂದಿನ ಕಾಯುವಿಕೆ ಜಮೆಯಾಗುತ್ತದೆ, ಹೀಗಾಗಿ ಹಳೆಯ ಪಾಲಿಸಿಗಳ ಪ್ರತಿ ಇಟ್ಟುಕೊಂಡಿರಬೇಕು. ವಿಮಾ ಮೊತ್ತ ಹೆಚ್ಚಿಸಿಕೊಂಡಿದ್ದರೆ, ಹೆಚ್ಚಿದ ಭಾಗಕ್ಕೆ ಮಾತ್ರ ಕಾಯುವಿಕೆ ಹೊಸದಾಗಿ ಶುರುವಾಗುತ್ತದೆ. ಮೇಲಿನ ರೋಗಿ 3 ಲಕ್ಷವನ್ನು 5 ಲಕ್ಷಕ್ಕೆ ಏರಿಸಿದ್ದು 2023ರಲ್ಲಿ, ಆದರೆ ಬಿಲ್ಲು 3 ಲಕ್ಷದ ತೀರ ಕೆಳಗಿದ್ದುದರಿಂದ ಅದು ತೊಡಕಾಗಲಿಲ್ಲ.

ನಿಗದಿತ ಶಸ್ತ್ರಚಿಕಿತ್ಸೆಯಾದ್ದರಿಂದ ಕನಿಷ್ಠ 48 ಗಂಟೆ ಮುಂಚೆ ವಿಮಾ ಕಂಪನಿಗೋ, ಅದರ ಪರವಾಗಿ ಕ್ಲೇಮು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಗೋ ತಿಳಿಸುವುದು ವಾಡಿಕೆ. ಹಣ ಕಟ್ಟಿ ಆಮೇಲೆ ಮರುಪಾವತಿ ಕೇಳುವವರು ತಾವು ತುಂಬಬೇಕಾದ ಕ್ಲೇಮ್ ನಮೂನೆಯ ಎ ಭಾಗ, ಆಸ್ಪತ್ರೆ ತುಂಬುವ ಬಿ ಭಾಗ, ಡಿಸ್ಚಾರ್ಜ್ ಸಮ್ಮರಿ, ಬಾಬ್ತುವಾರು ಬಿಲ್ಲು ಮತ್ತು ರಸೀದಿ, ವೈದ್ಯರ ಚೀಟಿಯೊಂದಿಗೆ ಔಷಧಿ ಬಿಲ್ಲು, ಪರೀಕ್ಷಾ ವರದಿಗಳು, ಗುರುತಿನ ದಾಖಲೆ, ರದ್ದುಮಾಡಿದ ಚೆಕ್ಕು ಇಷ್ಟನ್ನು ತಪ್ಪದೆ ಕೊಡುತ್ತಾರೆ. ಬಿಟ್ಟುಹೋಗುವುದು ಥಿಯೇಟರಿನ ಕಾಗದಗಳು. ಡೇ ಕೇರ್ ಕ್ಲೇಮಿನಲ್ಲಿ ಆಪರೇಷನ್ ನೋಟ್ಸ್ ಮತ್ತು ಅರಿವಳಿಕೆಯ ದಾಖಲೆಯೇ ನಡೆದದ್ದು ಶಸ್ತ್ರಚಿಕಿತ್ಸೆ ಎಂಬುದಕ್ಕೆ ಆಧಾರ. ಸ್ಟೇಪ್ಲರ್ ಬಳಸಿದ್ದರೆ ಅದರ ಇನ್‌ವಾಯ್ಸ್ ಮತ್ತು ಪೊಟ್ಟಣದ ಸ್ಟಿಕ್ಕರ್ ಕೇಳುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ದಾಖಲಾದ ಮತ್ತು ಬಿಡುಗಡೆಯಾದ ಗಂಟೆ, ಮೂಲವ್ಯಾಧಿಯ ಹಂತ, ಅರಿವಳಿಕೆಯ ಬಗೆ ಇವೆಯೇ ಎಂದು ಕೌಂಟರ್ ಬಿಡುವ ಮುನ್ನ ಓದಿಕೊಳ್ಳುವುದು ಒಳ್ಳೆಯದು, ಒಂದು ವಾರದ ಮೇಲೆ ಅದನ್ನು ಸರಿಪಡಿಸಲು ವೈದ್ಯರನ್ನು ಹಿಡಿಯುವುದು ಕಷ್ಟ.

ಗ್ಲೌಸಿನಂಥ ಬಳಸಿ ಎಸೆಯುವ ವಸ್ತುಗಳ ಹಣ ಅನೇಕ ಪಾಲಿಸಿಗಳಲ್ಲಿ ಕಡಿತವಾಗುತ್ತದೆ. ಇನ್ನು ಶಸ್ತ್ರಚಿಕಿತ್ಸೆಯ ಮುಂಚಿನ ಪ್ರಾಕ್ಟೋಸ್ಕೋಪಿ, ರಕ್ತಪರೀಕ್ಷೆಗಳ ಖರ್ಚು ಮತ್ತು ಆಮೇಲಿನ ಡ್ರೆಸಿಂಗ್, ಮಲ ಸಡಿಲಗೊಳಿಸುವ ಔಷಧಿಯ ಖರ್ಚು ಕ್ಯಾಶ್‌ಲೆಸ್‌ನಲ್ಲಿ ಸೇರುವುದಿಲ್ಲ. ಮುಂಚಿನ 30 ದಿನ ಮತ್ತು ಆಮೇಲಿನ 60 ದಿನದ್ದನ್ನು ಬಹಳಷ್ಟು ಪಾಲಿಸಿಗಳು ಪ್ರತ್ಯೇಕ ಮರುಪಾವತಿಯಾಗಿ ಕೊಡುತ್ತವೆ, ಅದಕ್ಕೆ ಮೂಲ ಕ್ಲೇಮಿನ ಸಂಖ್ಯೆ ಬರೆದು ಎರಡನೇ ಅರ್ಜಿ ಹಾಕಬೇಕು.