ಭಿನ್ನರಾಶಿ ಕ್ಯಾಲ್ಕುಲೇಟರ್ ಅಪ್‌ಡೇಟ್: ಮ.ಸಾ.ಅ. ಲೂಪಲ್ಲಿ ಒಂದ್ಸಲ, ರಿಕರ್ಷನ್ನಲ್ಲಿ ಒಂದ್ಸಲ

ಪೈಥಾನಲ್ಲಿ ಬರೀತಿರೋ ಭಿನ್ನರಾಶಿ ಕ್ಯಾಲ್ಕುಲೇಟರ್ ಈಗ ಕೂಡೋದು, ಗುಣಿಸೋದು ಎಲ್ಲಾ ಮಾಡುತ್ತೆ, ಆದ್ರೆ ಉತ್ತರ 2772/1170 ಅಂತ ಬಂದ್ರೆ ಹಂಗೇ ತೋರಿಸ್ತಿತ್ತು. ಸಂಕ್ಷಿಪ್ತ ರೂಪಕ್ಕೆ ತರೋಕೆ ಮೇಲಿನ ಕೆಳಗಿನ ಎರಡೂ ಸಂಖ್ಯೆಗಳ ಮ.ಸಾ.ಅ. ಬೇಕು. `math.gcd` ರೆಡಿಯಾಗೇ ಇದೆ, ಅದನ್ನ ಟೆಸ್ಟಿಗೆ ಮಾತ್ರ ಇಟ್ಕೊಂಡು ಫಂಕ್ಷನ್ ನಾನೇ ಬರೆಯೋಣ ಅಂತ ಕೂತೆ, ಒಳಗೆ ಏನಾಗುತ್ತೆ ಅನ್ನೋದೇ ನಂಗೆ ಬೇಕಾಗಿರೋದು.

ವಿಧಾನ ಯೂಕ್ಲಿಡ್‌ದು. ದೊಡ್ಡದನ್ನ ಚಿಕ್ಕದರಿಂದ ಭಾಗಿಸು, ಶೇಷ ತಗೋ, ಈಗ ಚಿಕ್ಕದನ್ನ ಆ ಶೇಷದಿಂದ ಭಾಗಿಸು, ಶೇಷ ಸೊನ್ನೆ ಆಗೋವರೆಗೂ ಹಿಂಗೇ ಹೋಗು, ಕೊನೇಲಿ ಯಾವುದರಿಂದ ಭಾಗಿಸಿದ್ಯೋ ಅದೇ ಉತ್ತರ. ನಮ್ಮ ಜೋಡಿನೇ ತಗೊಂಡು ಪೂರ್ತಿ ಬರೆದ್ರೆ:

```
2772 = 1170*2 + 432
1170 = 432*2 + 306
432 = 306*1 + 126
306 = 126*2 + 54
126 = 54*2 + 18
54 = 18*3 + 0
```

ಉತ್ತರ 18, ಅಂದ್ರೆ ಭಿನ್ನರಾಶಿ 154/65 ಆಗುತ್ತೆ. ಆರೇ ಭಾಗಾಕಾರ, ಅಪವರ್ತನ ಹುಡುಕೋ ಕೆಲಸನೇ ಇಲ್ಲ.

ಇದು ಯಾಕೆ ಸರಿ ಅನ್ನೋದು ಮೊದಲನೇ ಸಾಲಲ್ಲೇ ಇದೆ. 432 ಅಂದ್ರೆ 2772ರಿಂದ 1170ನ್ನ ಎರಡು ಸಲ ಕಳೆದದ್ದು, ಹಾಗಾಗಿ 2772ನ್ನೂ 1170ನ್ನೂ ಭಾಗಿಸೋ ಯಾವ ಸಂಖ್ಯೆನೇ ಆದ್ರೂ 432ನ್ನೂ ಭಾಗಿಸಲೇಬೇಕು, ಉಲ್ಟಾ ಹೋದ್ರೆ 1170ನ್ನೂ 432ನ್ನೂ ಭಾಗಿಸೋದು 2772ನ್ನೂ ಭಾಗಿಸುತ್ತೆ. ಜೋಡಿ ಬದಲಾದ್ರೂ ಸಾಮಾನ್ಯ ಭಾಜಕಗಳ ಗುಂಪು ಅದೇ ಇರುತ್ತೆ, ಕೊನೇಲಿ (18, 0) ಉಳಿದಾಗ ಆ ಗುಂಪಲ್ಲಿ ದೊಡ್ಡದು 18 ಅಂತ ಕಣ್ಣಿಗೇ ಕಾಣುತ್ತೆ. ಕಳೀತಾ ಕಳೀತಾ ಹೋದ್ರೂ ಇದೇ ಉತ್ತರ ಬರುತ್ತೆ, ಆದ್ರೆ 1000000 ಮತ್ತು 1 ಕೊಟ್ರೆ ಹತ್ತು ಲಕ್ಷ ಸಲ ಕಳೀಬೇಕು, ಶೇಷದಲ್ಲಾದ್ರೆ ಒಂದೇ ಹೆಜ್ಜೆ.

ಈಗ ಕೋಡ್. ಲೂಪಿಂದು:

```python
def gcd_loop(a, b):
    while b != 0:
        a, b = b, a % b
    return abs(a)
```

ಇಲ್ಲಿ ಗಮನ ಕೊಡಬೇಕಾದ್ದು ಮಧ್ಯದ ಸಾಲು. ಬಲಗಡೆ ಇರೋ ಎರಡೂ ಬೆಲೆಗಳನ್ನ ಪೈಥಾನ್ ಮೊದಲು ಲೆಕ್ಕ ಹಾಕಿ ಆಮೇಲೆ ಎಡಗಡೆಗೆ ಹಾಕುತ್ತೆ, ಅದಕ್ಕೇ ಇದು ಕೆಲಸ ಮಾಡೋದು. ಇದನ್ನೇ ಬಿಡಿಸಿ `a = b` ಒಂದು ಸಾಲು, `b = a % b` ಇನ್ನೊಂದು ಸಾಲು ಅಂತ ಬರೆದ್ರೆ ಎರಡನೇ ಸಾಲಿಗೆ ಬರೋ ಹೊತ್ತಿಗೆ a ಹಳೇ ಬೆಲೆ ಹೋಗಿರುತ್ತೆ, b ನ ಅದರಿಂದಲೇ ಭಾಗಿಸಿದಂಗಾಗಿ ಶೇಷ ಸೊನ್ನೆ, ಲೂಪ್ ಅಲ್ಲೇ ಮುಗೀತು. ಎರರ್ ಏನೂ ಬರಲ್ಲ, ಅದೇ ಅಪಾಯ. ಯಾವ ಜೋಡಿ ಕೊಟ್ರೂ ಎರಡನೇ ಸಂಖ್ಯೆನೇ ಉತ್ತರವಾಗಿ ಬರ್ತಿದ್ರೆ, 2772, 1170 ಕೊಟ್ಟಾಗ 1170 ಬಂದ್ರೆ, ಕಾರಣ ಇದೇ ಅನ್ಕೋಬಹುದು. ಸಿ ಥರದ ಭಾಷೇಲಿ ಬರೆಯೋರು ಶೇಷನ ಮೊದಲು ಇನ್ನೊಂದು ವೇರಿಯಬಲ್ಲಲ್ಲಿ ಇಟ್ಕೋಬೇಕು.

ರಿಕರ್ಷನ್‌ದು:

```python
def gcd_rec(a, b):
    if b == 0:
        return abs(a)
    return gcd_rec(b, a % b)
```

ನಂಗೆ ಓದೋಕೆ ಇದೇ ಇಷ್ಟ. ಮೇಲೆ ಹೇಳಿದ ಕಾರಣನೇ ಕೋಡಾಗಿ ಕೂತಿದೆ, (a, b) ಉತ್ತರನೂ (b, ಶೇಷ) ಉತ್ತರನೂ ಒಂದೇ, ಅಷ್ಟೇ ಇದು ಹೇಳ್ತಿರೋದು. ಬೆಲೆ ಅದಲುಬದಲು ಮಾಡೋ ಗೊಂದಲನೂ ಇಲ್ಲ, ಹೊಸ ಕಾಲಿಗೆ ಹೊಸ a, b ಇರುತ್ತೆ. ಎರಡರಲ್ಲೂ ದೊಡ್ಡದು ಯಾವುದು ಅಂತ ನೋಡೋ `if` ಹಾಕಿಲ್ಲ, ಬೇಕಾಗೂ ಇಲ್ಲ, 1170ನ್ನ ಮೊದಲು ಕೊಟ್ರೆ 2772ರಿಂದ ಭಾಗಿಸಿದ ಶೇಷ 1170ನೇ ಆಗಿ ಮೊದಲ ಹೆಜ್ಜೇಲಿ ಜಾಗ ತಾನಾಗೇ ಬದಲಾಗುತ್ತೆ.

`abs` ಯಾಕೆ ಅಂದ್ರೆ, ಭಿನ್ನರಾಶಿಲಿ ಮೈನಸ್ ಬಂದೇ ಬರುತ್ತೆ. ಅದಿಲ್ದೆ 12, -18 ಕೊಟ್ರೆ ಪೈಥಾನಲ್ಲಿ `12 % -18` ಅಂದ್ರೆ -6, ಆಮೇಲೆ -18ನ್ನ -6 ಪೂರ್ತಿ ಭಾಗಿಸುತ್ತೆ, ಉತ್ತರ -6 ಅಂತ ಬಂದು ಅದರಿಂದ ಭಾಗಿಸಿದಾಗ ಅಂಶ ಛೇದ ಎರಡರ ಚಿಹ್ನೆನೂ ತಿರುಗುತ್ತೆ. ಲೂಪು ರಿಕರ್ಷನ್ನು ಎರಡೂ ಒಟ್ಟಿಗೇ -6 ಕೊಡ್ತವೆ, ಹಾಗಾಗಿ ಒಂದಕ್ಕೊಂದು ಹೋಲಿಸೋ ಟೆಸ್ಟಲ್ಲಿ ಇದು ಸಿಕ್ಕಿಬೀಳಲ್ಲ, `math.gcd` ಜೊತೆ ಹೋಲಿಸಿದ್ರೇ ಗೊತ್ತಾಗೋದು. (0, 0)ಗೆ ಎರಡೂ 0 ಕೊಡ್ತವೆ, `math.gcd` ಕೂಡ ಅಷ್ಟೇ.

ಇನ್ನು ಎರಡಕ್ಕೂ ಇರೋ ನಿಜವಾದ ವ್ಯತ್ಯಾಸ. 2772, 1170ಗೆ ರಿಕರ್ಷನ್ನಲ್ಲಿ ಏಳು ಕಾಲ್ ಆಗುತ್ತೆ, ಕೊನೇದು (18, 0). ಅದು 18 ಕೊಟ್ಟ ಮೇಲೆ ಉಳಿದ ಆರೂ ಕಾಲ್‌ಗಳು ಅದನ್ನ ಮುಟ್ಟದೇ ಮೇಲಕ್ಕೆ ದಾಟಿಸ್ತವೆ, ಅವಕ್ಕೆ ಬೇರೆ ಕೆಲಸನೇ ಇಲ್ಲ, ಆದ್ರೂ ಪೈಥಾನ್ ಅವನ್ನೆಲ್ಲ ಸ್ಟ್ಯಾಕಲ್ಲಿ ಇಟ್ಕೊಂಡೇ ಇರುತ್ತೆ. ಸಿ ಕೋಡನ್ನ `gcc -O2` ಹಾಕಿ ಕಂಪೈಲ್ ಮಾಡಿದ್ರೆ ಸಾಮಾನ್ಯವಾಗಿ ಇಂಥ ರಿಕರ್ಷನ್ ಲೂಪೇ ಆಗ್ಬಿಡುತ್ತೆ, ಪೈಥಾನ್ ಹಂಗೆ ಮಾಡಲ್ಲ, ಆಳಕ್ಕೆ ಮಾಮೂಲಿ ಮಿತಿ 1000.

ಆ ಮಿತಿ ಮುಟ್ಟೋಕೆ ಎಷ್ಟು ದೊಡ್ಡ ಸಂಖ್ಯೆ ಬೇಕು ಅಂತ ನೋಡ್ಬೇಕಿತ್ತು. ಅತಿ ಹೆಚ್ಚು ಹೆಜ್ಜೆ ತಗೊಳೋದು ಪಕ್ಕಪಕ್ಕದ ಫಿಬೊನಾಚ್ಚಿ ಸಂಖ್ಯೆಗಳು, ಯಾಕಂದ್ರೆ ಅಲ್ಲಿ ಭಾಗಲಬ್ಧ ಕೊನೇ ಹೆಜ್ಜೆ ಬಿಟ್ಟು ಪ್ರತಿ ಸಲನೂ 1, ಸಂಖ್ಯೆ ಇಳಿಯೋದು ಆದಷ್ಟು ನಿಧಾನ. 13, 8 ಕೊಟ್ರೆ ಶೇಷ 5, ಆಮೇಲೆ 3, 2, 1, 0, ಅನುಕ್ರಮದಲ್ಲಿ ಹಿಂದಕ್ಕೆ ನಡೆದಂಗೆ. 1844ರಲ್ಲಿ ಗೇಬ್ರಿಯಲ್ ಲಾಮೆ ಇದನ್ನೇ ಹಿಡ್ಕೊಂಡು, ಹೆಜ್ಜೆಗಳು ಚಿಕ್ಕ ಸಂಖ್ಯೆಯ ಅಂಕಿಗಳ ಐದು ಪಟ್ಟು ದಾಟಲ್ಲ ಅಂತ ಸಾಧಿಸಿದ. 1170ಕ್ಕೆ ನಾಲ್ಕು ಅಂಕಿ, ಮಿತಿ 20, ನಮಗೆ ಆಗಿದ್ದು 6. ಈ ಲೆಕ್ಕದಲ್ಲಿ 1000 ಆಳ ಮುಟ್ಟೋಕೆ ಚಿಕ್ಕ ಸಂಖ್ಯೆನೇ ಸುಮಾರು 200 ಅಂಕಿ ಇರಬೇಕು. 64 ಬಿಟ್ ಪೂರ್ಣಾಂಕಗಳಲ್ಲಿ ನೂರು ಹೆಜ್ಜೆನೂ ಆಗಲ್ಲ, ಅಲ್ಲಿ ರಿಕರ್ಷನ್ ಬಗ್ಗೆ ಹೆದರೋ ಅಗತ್ಯನೇ ಇಲ್ಲ.

ಪೈಥಾನಲ್ಲಿ ಮಾತ್ರ ಸಂಖ್ಯೆ ಎಷ್ಟು ಬೇಕಾದ್ರೂ ಬೆಳೆಯುತ್ತೆ. 1501ನೇ ಮತ್ತು 1500ನೇ ಫಿಬೊನಾಚ್ಚಿ ಕೊಟ್ಟೆ, ಎರಡಕ್ಕೂ ಮುನ್ನೂರಕ್ಕೂ ಜಾಸ್ತಿ ಅಂಕಿ, ಬೇಕಾಗೋದು 1500 ಕಾಲ್. `gcd_rec` `RecursionError` ಅಂತ ನಿಂತ್ಕೊಳ್ತು, `gcd_loop` ತಕ್ಷಣ 1 ಕೊಡ್ತು. `sys.setrecursionlimit` ಇಂದ ಮಿತಿ ಏರಿಸಬಹುದು, ಆದ್ರೆ ಲೂಪಿಗೆ ಎರಡು ವೇರಿಯಬಲ್ ಸಾಕಾಗಿರುವಾಗ ಅದನ್ನ ಮಾಡೋಕೆ ನಂಗೆ ಕಾರಣ ಕಾಣಲ್ಲ. ಭಿನ್ನರಾಶಿ ಕೂಡ್ತಾ ಹೋದ್ರೆ ಛೇದ ಬೇಗ ಉದ್ದ ಆಗುತ್ತೆ, 1 + 1/2 + 1/3 ಅಂತ ಸಾವಿರ ಪದದವರೆಗೆ ಹೋದ್ರೆ ಛೇದ ನಾನೂರು ಅಂಕಿ ದಾಟುತ್ತೆ, ಹಾಗಾಗಿ 200 ಅಂಕಿ ಅನ್ನೋದು ಈ ಪ್ರಾಜೆಕ್ಟಿಗೆ ದೂರದ ಮಾತಲ್ಲ.

ಹಾಗಾಗಿ ಕ್ಯಾಲ್ಕುಲೇಟರ್ ಒಳಗೆ ಲೂಪ್ ಹೋಯ್ತು, ರಿಕರ್ಷನ್ ಟೆಸ್ಟ್ ಫೈಲಲ್ಲಿ ಇದೆ, 2772/1170 ಈಗ 154/65 ಅಂತ ಬರ್ತಿದೆ. ಮುಂದಿನ ಕೆಲಸ, ಕೂಡೋವಾಗ ಛೇದಗಳನ್ನ ಸುಮ್ನೆ ಗುಣಿಸೋ ಬದಲು ಮೊದಲೇ ಅವುಗಳ ಮ.ಸಾ.ಅ. ತೆಗೆದು ಲ.ಸಾ.ಅ. ಬಳಸೋದು, ಮಧ್ಯದ ಸಂಖ್ಯೆಗಳು ಎಷ್ಟು ಚಿಕ್ಕದಾಗುತ್ತೆ ಅಂತ ಅಳೆದು ಹಾಕ್ತೀನಿ.