ಹತ್ತು ಪರ್ಸೆಂಟಿನ ಸಾಲುಗಳು ಮತ್ತು ವೇಗಾ

ಮಾರುಕಟ್ಟೆ ಮುಚ್ಚಿದ ಮೇಲೆ ನಮ್ಮ ಟೀಮಿನಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಆಪ್ಷನ್ ಅಂದರೆ ಷೇರನ್ನು ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು, ಆ ಗೊತ್ತಾದ ಬೆಲೆಯೇ ಸ್ಟ್ರೈಕ್. ಪಟ್ಟಿಯಲ್ಲಿ ಪ್ರತಿ ಸ್ಟ್ರೈಕಿಗೂ ಆ ದಿನದ ಆಪ್ಷನ್ ಬೆಲೆ, ಪಕ್ಕದಲ್ಲಿ ಆ ಬೆಲೆಯಿಂದ ತೆಗೆದ ಇಂಪ್ಲೈಡ್ ವೊಲಾಟಿಲಿಟಿ, ಅಂದರೆ ಐವಿ: ಷೇರು ಎಷ್ಟು ಅಲುಗಾಡಬಹುದು ಎಂದು ಆ ಬೆಲೆ ಹೇಳುವ ಅಂದಾಜು. ಆವತ್ತು ಪಟ್ಟಿಯ ನಡುವಿನ ಸಾಲುಗಳು ಸರಿಯಾಗಿದ್ದವು. ಕೆಳಗೆ ದೂರದ ಸ್ಟ್ರೈಕುಗಳ ಕಡೆ ಹೋದರೆ ಕೆಲವು ಸಾಲು ಖಾಲಿ. ಅದಕ್ಕೂ ಕೆಳಗೆ ಮತ್ತೆ ಅಂಕಿಗಳಿದ್ದವು, ಆದರೆ ಎಲ್ಲವೂ ಒಂದೇ: 10.00.

ರಿಸ್ಕ್ ನೋಡಿಕೊಳ್ಳುವ ಮೇಡಂ ಪಟ್ಟಿ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದರು. "ಖಾಲಿ ಇರೋದನ್ನ ನಾನು ಕೇಳ್ತಿಲ್ಲ. ಈ 10.00 ನೋಡಿ. ಮಾರುಕಟ್ಟೆ ಇಷ್ಟು ನೀಟಾಗಿ ಇರಲ್ಲ ಅಲ್ವಾ?" ಅಂದರು. ಅವರ ಅನುಮಾನ ಸರಿಯಾಗಿತ್ತು. ಖಾಲಿ ಸಾಲು ತನ್ನ ತೊಂದರೆಯನ್ನು ತಾನೇ ಹೇಳುತ್ತದೆ. ತಪ್ಪು ಅಂಕಿ ಹಾಗಲ್ಲ, ಅದು ಸುಮ್ನೆ ಮುಂದಿನ ಲೆಕ್ಕಕ್ಕೆ ಹೋಗಿ ಸೇರಿಕೊಳ್ಳುತ್ತದೆ.

ಸ್ಕ್ರಿಪ್ಟ್ ಹಳೆಯದು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಒಳಗಿನ ವಿಧಾನ ಮಾತ್ರ ಎಲ್ಲರೂ ಬಳಸುವುದೇ. 1973ರ ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ವೊಲಾಟಿಲಿಟಿ ಕೊಟ್ಟರೆ ಬೆಲೆ ಬರುತ್ತದೆ. ಬೆಲೆ ಕೊಟ್ಟು ವೊಲಾಟಿಲಿಟಿ ಕೇಳಿದರೆ ನೇರವಾದ ಉತ್ತರವಿಲ್ಲ. ಹಾಗಾಗಿ ಊಹಿಸಿ, ತಿದ್ದಿ, ಮತ್ತೆ ಊಹಿಸಬೇಕು. ನ್ಯೂಟನ್ ವಿಧಾನದಲ್ಲಿ ಎಷ್ಟು ತಿದ್ದಬೇಕು ಎಂದು ಹೇಳುವುದು ವೇಗಾ. ವೊಲಾಟಿಲಿಟಿ ಸ್ವಲ್ಪ ಏರಿದರೆ ಬೆಲೆ ಎಷ್ಟು ಏರುತ್ತದೆ ಎಂಬ ಇಳಿಜಾರು ಅದು.

```
σ_new = σ - (C(σ) - price) / vega(σ)
vega  = S * sqrt(T) * φ(d1)
```

ಇಲ್ಲಿ σ ವೊಲಾಟಿಲಿಟಿ, C(σ) ಸೂತ್ರ ಕೊಡುವ ಬೆಲೆ, price ಮಾರುಕಟ್ಟೆಯ ಬೆಲೆ, S ಷೇರಿನ ಬೆಲೆ, T ವರ್ಷಗಳಲ್ಲಿ ಅವಧಿ. ಮುಂದೆ ಬರುವ K ಸ್ಟ್ರೈಕ್. φ ಅಂದರೆ ನಾರ್ಮಲ್ ಗಂಟೆಯಾಕಾರದ ವಕ್ರದ ಎತ್ತರ, d1 ಆ ವಕ್ರದ ಮೇಲೆ ನಾವು ನಿಂತ ಜಾಗ. ಪರದೆಯ ಮೇಲೆ ಕಾಣುವ ವೇಗಾ ಸಾಮಾನ್ಯವಾಗಿ ಒಂದು ಪರ್ಸೆಂಟಿನ ಬದಲಾವಣೆಗೆ ಕೊಟ್ಟದ್ದು. ಸೂತ್ರಕ್ಕೆ ಬೇಕಾದದ್ದು ಅದರ ನೂರು ಪಟ್ಟು. ಎರಡನ್ನೂ ಕಲಸಿದರೆ ಹೆಜ್ಜೆಗಳೂ ನೂರು ಪಟ್ಟು ಎಡವುತ್ತವೆ. ನಮ್ಮಲ್ಲಿ ಆ ತೊಂದರೆ ಇರಲಿಲ್ಲ, ಮೊದಲು ಅದನ್ನೇ ನೋಡಿಕೊಂಡೆ.

ಆಮೇಲೆ ಖಾಲಿ ಇದ್ದ ಒಂದು ಸಾಲನ್ನು ಕೈಯಲ್ಲಿ ಬಿಡಿಸಲು ಕೂತೆ. ಇಲ್ಲಿ ಹೇಳುವುದಕ್ಕೆ ಅಂಕಿಗಳನ್ನು ದುಂಡು ಮಾಡಿಕೊಳ್ಳುತ್ತೇನೆ. ಷೇರಿನ ಬೆಲೆ 100, ಕಾಲ್ ಅಂದರೆ ಕೊಳ್ಳುವ ಹಕ್ಕಿನ ಆಪ್ಷನ್, ಅದರ ಸ್ಟ್ರೈಕ್ 120, ಅವಧಿ ಮೂರು ತಿಂಗಳು ಅಂದರೆ T = 0.25. ಬಡ್ಡಿ ಸೊನ್ನೆ, ಡಿವಿಡೆಂಡ್ ಇಲ್ಲ. ಮಾರುಕಟ್ಟೆಯಲ್ಲಿ ಕಂಡ ಬೆಲೆ 0.89.

ಸ್ಕ್ರಿಪ್ಟ್ ಎಲ್ಲ ಸಾಲಿಗೂ ಹತ್ತು ಪರ್ಸೆಂಟಿನಿಂದ ಶುರು ಮಾಡುತ್ತಿತ್ತು. ಬಹುಶಃ ಹೆಚ್ಚು ಅಲುಗಾಡದ ಯಾವುದೋ ಸೂಚ್ಯಂಕಕ್ಕೆಂದು ಬರೆದದ್ದಿರಬೇಕು. σ = 0.10 ಇಟ್ಟರೆ d1 = -3.62. ಗಂಟೆಯ ಬಾಲದ ತುದಿಗೆ ಹೋದ ಹಾಗಾಯಿತು. ಸೂತ್ರ ಕೊಡುವ ಬೆಲೆ ಸುಮಾರು 0.0002, ವೇಗಾ 0.028. ನಮಗೆ ಬೇಕಾದ ಬೆಲೆ ಇನ್ನೂ 0.89ರಷ್ಟು ಮೇಲಿದೆ. ಅದನ್ನು 0.028ರಿಂದ ಭಾಗಿಸಿದರೆ 31ಕ್ಕೂ ಜಾಸ್ತಿ. ಅಂದರೆ ಮುಂದಿನ ಊಹೆ ಮೂರು ಸಾವಿರ ಪರ್ಸೆಂಟ್ ದಾಟಿತು!

ಅಲ್ಲಿಗೆ ಹೋದ ಮೇಲೆ ವಾಪಸ್ ಬರುವ ದಾರಿಯೂ ಇಲ್ಲ. ಅಷ್ಟು ವೊಲಾಟಿಲಿಟಿಗೆ ಕಾಲ್ ಬೆಲೆ ಷೇರಿನ ಬೆಲೆಗೇ ಅಂಟಿಕೊಂಡಿರುತ್ತದೆ, ಹೆಚ್ಚುಕಡಿಮೆ 100. ವೇಗಾ ಮಾತ್ರ ದಶಾಂಶ ಬಿಂದುವಿನ ನಂತರ ಹನ್ನೆರಡು ಸೊನ್ನೆಗಳಷ್ಟು ಚಿಕ್ಕದು. ಅದರಿಂದ ಭಾಗಿಸಿದರೆ ಊಹೆ ದೊಡ್ಡ ಋಣ ಸಂಖ್ಯೆಯಾಗುತ್ತದೆ. ಅದರ ಮುಂದಿನ ಸುತ್ತಿನಲ್ಲಿ ವೇಗಾ ಕಂಪ್ಯೂಟರಿಗೆ ಪೂರ್ತಿ ಸೊನ್ನೆ, ಆಗ `ZeroDivisionError`. ಸ್ಕ್ರಿಪ್ಟ್ ಆ ತಪ್ಪನ್ನು ಹಿಡಿದು, ಏನೂ ಹೇಳದೆ ಸಾಲನ್ನು ಖಾಲಿ ಬಿಡುತ್ತಿತ್ತು.

ಇದೇ ಸಾಲನ್ನು 20 ಪರ್ಸೆಂಟಿನಿಂದ ಶುರು ಮಾಡಿ ನೋಡಿದೆ. ಆಗ ಬೆಲೆ 0.147, ವೇಗಾ 4.14. ಒಂದೇ ಹೆಜ್ಜೆಗೆ 37.9ಕ್ಕೆ ಹೋಯಿತು. ಗುರಿ ದಾಟಿ ಹೋಯಿತು, ನಿಜ. ಆದರೆ ಅಲ್ಲಿಂದ ಆರಾಮಾಗಿ ಇಳಿದು ಬಂತು. ಹತ್ತಕ್ಕೂ ಇಪ್ಪತ್ತಕ್ಕೂ ಇಷ್ಟು ವ್ಯತ್ಯಾಸ ಇರುವುದಕ್ಕೆ ಕಾರಣ ಆ ವಕ್ರದ ಆಕಾರ. ವೊಲಾಟಿಲಿಟಿಯ ಮೇಲೆ ಬೆಲೆಯನ್ನು ಗೀಚಿದರೆ ಅದು ಮಲಗಿದ S ಅಕ್ಷರದ ಹಾಗಿರುತ್ತದೆ. ಎಡಕ್ಕೆ ಬಹುತೇಕ ಚಪ್ಪಟೆ, ಆಮೇಲೆ ಕಡಿದಾಗಿ ಏರಿಕೆ, ಬಲಕ್ಕೆ ಮತ್ತೆ ಚಪ್ಪಟೆ. ಸ್ಟ್ರೈಕ್ ದೂರವಾದಷ್ಟೂ, ಅವಧಿ ಕಡಿಮೆಯಾದಷ್ಟೂ ಎಡಗಡೆಯ ಚಪ್ಪಟೆ ಜಾಗ ಉದ್ದವಾಗುತ್ತದೆ. ಹಾಗಾಗಿ 20 ಅನ್ನುವುದೂ ಗ್ಯಾರಂಟಿಯಲ್ಲ. ಇನ್ನೂ ದೂರದ ಸ್ಟ್ರೈಕಿಗೆ, ಇನ್ನೂ ಕಡಿಮೆ ದಿನಕ್ಕೆ ಅದೂ ಹಾರುತ್ತದೆ.

ಮೊದಲ ಊಹೆಯನ್ನು ಅದೃಷ್ಟಕ್ಕೆ ಬಿಡಬೇಕಾಗಿಲ್ಲ. 1982ರಲ್ಲಿ ಮನಾಸ್ಟರ್ ಮತ್ತು ಕೋಹ್ಲರ್ ಎಂಬ ಇಬ್ಬರು ಸಂಶೋಧಕರು ಇದಕ್ಕೊಂದು ಚಂದದ ಜಾಗ ತೋರಿಸಿಕೊಟ್ಟರು. ಆ ವಕ್ರ ಎಲ್ಲಿ ತನ್ನ ಬಾಗು ಬದಲಿಸುತ್ತದೋ, ಅಲ್ಲಿಂದಲೇ ಶುರು ಮಾಡಿ. ವೇಗಾ ಅತಿ ಹೆಚ್ಚು ಇರುವುದೂ ಅಲ್ಲೇ. ಬಡ್ಡಿ ಸೊನ್ನೆ ಇದ್ದಾಗ ಸೂತ್ರ ಇಷ್ಟೇ:

```
σ0 = sqrt(2 * |ln(S/K)| / T)
```

ನಮ್ಮ ಸಾಲಿಗೆ ಇದು 1.208, ಅಂದರೆ 120.8 ಪರ್ಸೆಂಟ್. ಇದನ್ನು ನೋಡಿದಾಗ ನನಗೂ ಇದೇನಪ್ಪಾ ಅನ್ನಿಸಿತು. ನಿಜವಾದ ಉತ್ತರದ ಹತ್ತಿರವೂ ಇಲ್ಲ. ಆದರೆ ಹತ್ತಿರ ಇರುವುದಕ್ಕಿಂತ ಸರಿಯಾದ ಬದಿಯಲ್ಲಿರುವುದು ಮುಖ್ಯ. ಅಲ್ಲಿ ಬೆಲೆ 17.24, ವೇಗಾ 19.95. ಇಳಿಯಬೇಕಾದ 16.35ನ್ನು 19.95ರಿಂದ ಭಾಗಿಸಿದರೆ 0.82. ಊಹೆ 38.8ಕ್ಕೆ ಇಳಿಯಿತು. ಅಲ್ಲಿ ಬೆಲೆ 1.975, ವೇಗಾ 13.98, ಮುಂದಿನ ಊಹೆ 31.0. ಅಲ್ಲಿ ಬೆಲೆ 1.000, ವೇಗಾ 10.92, ಮುಂದಿನದು 30.01. ಇನ್ನೊಂದು ಹೆಜ್ಜೆಗೆ 29.99, ಅಲ್ಲಿ ನಿಂತಿತು.

ಪ್ರತಿ ಹೆಜ್ಜೆಯೂ ಕೆಳಕ್ಕೇ ಬಂದದ್ದನ್ನು ಗಮನಿಸಿ. ಒಂದು ಸಲವೂ ಗುರಿ ದಾಟಲಿಲ್ಲ. ಬಾಗು ಬದಲಾಗುವ ಬಿಂದುವಿನ ಎಡಕ್ಕೆ ವಕ್ರ ತನ್ನ ಸ್ಪರ್ಶರೇಖೆಗಿಂತ ಮೇಲೇ ಇರುತ್ತದೆ. ಹಾಗಾಗಿ ಆ ರೇಖೆ ಬೇಕಾದ ಬೆಲೆಯನ್ನು ಮುಟ್ಟುವ ಜಾಗದಲ್ಲೂ ವಕ್ರ ಇನ್ನೂ ಸ್ವಲ್ಪ ಮೇಲಿರುತ್ತದೆ. ಉತ್ತರ ಇನ್ನೂ ಎಡಕ್ಕೇ ಉಳಿಯುತ್ತದೆ. ಉತ್ತರ ಬಲಗಡೆ ಇದ್ದರೆ ಇದೇ ಮಾತು ತಿರುಗುಮುರುಗಾಗುತ್ತದೆ, ಹೆಜ್ಜೆಗಳೆಲ್ಲ ಮೇಲಕ್ಕೇ ಹೋಗುತ್ತವೆ. ಎರಡು ಕಡೆಯೂ ಹಾರಾಟವಿಲ್ಲ. ಸ್ಟ್ರೈಕೂ ಷೇರಿನ ಬೆಲೆಯೂ ಒಂದೇ ಆದಾಗ ಮಾತ್ರ ಈ ಸೂತ್ರ ಸೊನ್ನೆ ಕೊಟ್ಟುಬಿಡುತ್ತದೆ. ಅಲ್ಲಿಗೆ `sqrt(2*pi/T) * price/S` ಅನ್ನು ಮೊದಲ ಊಹೆಯಾಗಿ ಇಟ್ಟೆವು. ಆ ಜಾಗದಲ್ಲಿ ಬೆಲೆ ಬಹುತೇಕ ನೇರ ಗೆರೆಯಾದ್ದರಿಂದ ಒಂದೆರಡು ಹೆಜ್ಜೆ ಸಾಕು.

ಇನ್ನು ಆ 10.00ರ ಸಾಲುಗಳು. ಅವು ಹಾರಿದ್ದಲ್ಲ, ಹೊರಟೇ ಇರಲಿಲ್ಲ. ಸ್ಕ್ರಿಪ್ಟಿನಲ್ಲಿ ನಿಲ್ಲುವ ಷರತ್ತು ಹೀಗಿತ್ತು: ಸೂತ್ರದ ಬೆಲೆಗೂ ಮಾರುಕಟ್ಟೆ ಬೆಲೆಗೂ ವ್ಯತ್ಯಾಸ 0.05ಕ್ಕಿಂತ ಕಡಿಮೆ ಇದ್ದರೆ ಮುಗಿಯಿತು. 150ರ ಸ್ಟ್ರೈಕಿನ ಬೆಲೆ 0.02 ಅಂದುಕೊಳ್ಳಿ. ಹತ್ತು ಪರ್ಸೆಂಟಿಗೆ ಸೂತ್ರ ಕೊಡುವುದು ಸೊನ್ನೆಯಷ್ಟೇ. ವ್ಯತ್ಯಾಸ 0.02. ಷರತ್ತು ಮೊದಲ ಸಲಕ್ಕೇ ಪಾಸಾಯಿತು, ಶುರು ಮಾಡಿದ ಊಹೆಯೇ ಉತ್ತರವಾಗಿ ಹೊರಬಂತು. ನಿಜವಾದ ಉತ್ತರ 30ರ ಆಸುಪಾಸು. ಐವಿ ಕಾಲಂನಲ್ಲಿ ಶುರುವಿನ ಊಹೆಯೇ ತದ್ರೂಪಾಗಿ ಕಂಡರೆ ಮೊದಲು ನಿಲ್ಲುವ ಷರತ್ತನ್ನು ನೋಡಬೇಕು.

ಬೆಲೆಯಲ್ಲಿ ಎಷ್ಟು ತಪ್ಪಿದ್ದರೆ ಪರವಾಗಿಲ್ಲ ಎಂಬುದಕ್ಕೆ ಒಂದೇ ಅಂಕಿ ಇಟ್ಟರೆ ಹೀಗೇ ಆಗುವುದು. ವೇಗಾ 10 ಇರುವ ಕಡೆ 0.05 ಅಂದರೆ ಅರ್ಧ ಪರ್ಸೆಂಟ್ ವೊಲಾಟಿಲಿಟಿ. ವೇಗಾ 0.6 ಇರುವ ಕಡೆ ಅದೇ 0.05 ಅಂದರೆ ಎಂಟು ಪರ್ಸೆಂಟ್. ಹಾಗಾಗಿ ಷರತ್ತನ್ನು ಹೆಜ್ಜೆಯ ಉದ್ದಕ್ಕೆ ಬದಲಿಸಿದೆವು. ಹೊಸ ಮೊದಲ ಊಹೆಯ ಜೊತೆ ಮುಖ್ಯ ಭಾಗ ಇಷ್ಟಾಯಿತು:

```python
s = sqrt(2*abs(log(S/K))/T)
for _ in range(50):
    c, vega = call_and_vega(S, K, T, s)
    step = (c - price)/vega
    s -= step
    if abs(step) < 1e-8:
        break
```

150ರ ಸ್ಟ್ರೈಕ್ ಈಗ 180ರಿಂದ ಹೊರಟು 67.8, 48.2, 39.1 ಅಂತ ಇಳಿಯುತ್ತಾ ಬಂತು. ಹೆಜ್ಜೆಗಳು ಜಾಸ್ತಿ, ದಾರಿ ಮಾತ್ರ ತಪ್ಪಲಿಲ್ಲ.

ಇಷ್ಟಾದರೂ ಪಟ್ಟಿಯ ಇನ್ನೊಂದು ತುದಿಯಲ್ಲಿ ಒಂದು ಸಾಲು ಖಾಲಿಯೇ ಉಳಿಯಿತು. ಸ್ಟ್ರೈಕ್ 70, ಕಾಲ್ ಬೆಲೆ 29.95. ಇದಕ್ಕೆ ಯಾವ ಮೊದಲ ಊಹೆಯೂ ಸಹಾಯ ಮಾಡಲ್ಲ, ಯಾಕೆಂದರೆ ಉತ್ತರವೇ ಇಲ್ಲ. ಬಡ್ಡಿ ಸೊನ್ನೆ ಇದ್ದಾಗ ಈ ಕಾಲ್ 30ಕ್ಕಿಂತ ಕೆಳಗೆ ಬರಲು ಯಾವ ವೊಲಾಟಿಲಿಟಿಯೂ ಬಿಡುವುದಿಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ದೊಡ್ಡದಿತ್ತು, ಅವುಗಳ ನಡುವಿನ ಬೆಲೆ ತೆಗೆದಾಗ ಅದು 30ರ ಕೆಳಗೆ ಜಾರಿತ್ತು. ನ್ಯೂಟನ್ ಅಲ್ಲಿ ಎಡಕ್ಕೆ ಸರಿಯುತ್ತಲೇ ಇರುತ್ತದೆ, ಸೊನ್ನೆ ದಾಟುವ ತನಕ. ಆದ್ದರಿಂದ ಲೂಪಿಗೆ ಮುಂಚೆಯೇ ಬೆಲೆ S - K ಮತ್ತು S ನಡುವೆ ಇದೆಯಾ ಎಂದು ನೋಡುವ ಸಾಲು ಸೇರಿಸಿದೆವು. ಬಡ್ಡಿ ಇದ್ದರೆ K ಬದಲು ಅದರ ಇವತ್ತಿನ ಮೌಲ್ಯ ಹಾಕಬೇಕು.

"ಹಾಗಾದ್ರೆ ಆ ಸಾಲಿಗೆ ಏನು ಬರೀತೀರಿ?" ಅಂತ ಮೇಡಂ ಕೇಳಿದರು. ಅದೇ 70ರ ಪುಟ್, ಅಂದರೆ ಮಾರುವ ಹಕ್ಕು, ಮಾರುಕಟ್ಟೆಯಲ್ಲಿ 0.04ಕ್ಕೆ ಓಡುತ್ತಿತ್ತು. ಅವಧಿ ಮುಗಿದಾಗ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಆಪ್ಷನ್ನುಗಳಲ್ಲಿ ಒಂದೇ ಸ್ಟ್ರೈಕಿನ ಕಾಲ್‌ಗೂ ಪುಟ್‌ಗೂ ವೊಲಾಟಿಲಿಟಿ ಒಂದೇ ಇರಬೇಕು, ವೇಗಾ ಕೂಡ ಒಂದೇ. ವ್ಯತ್ಯಾಸ ಇಷ್ಟೇ: ಕಾಲ್‌ನ 30ರಲ್ಲಿ ವೊಲಾಟಿಲಿಟಿಯ ಪಾಲು ಮೂರ್ನಾಲ್ಕು ಪೈಸೆಯಷ್ಟು, ಪುಟ್‌ನಲ್ಲಿ ಪೂರ್ತಿ ಬೆಲೆಯೇ ಅದು. ಪುಟ್‌ನಿಂದ ತೆಗೆದರೆ 30ಕ್ಕೆ ಸ್ವಲ್ಪ ಮೇಲೆ ಬಂತು, ಅಕ್ಕಪಕ್ಕದ ಸ್ಟ್ರೈಕುಗಳಿಗೆ ಹೊಂದಿಕೊಂಡಿತು. ಈಗ ಷೇರಿನ ಬೆಲೆಗಿಂತ ಕೆಳಗಿನ ಸ್ಟ್ರೈಕುಗಳಿಗೆ ಪುಟ್, ಮೇಲಿನವಕ್ಕೆ ಕಾಲ್ ಬಳಸುತ್ತೇವೆ.

ಕೊನೆಗೆ ಮೇಡಂ ಇನ್ನೊಂದು ಕಾಲಂ ಕೇಳಿದರು. ಬೆಲೆ ಬದಲಾಗುವ ಕನಿಷ್ಠ ಮೊತ್ತ 0.01ನ್ನು ವೇಗಾದಿಂದ ಭಾಗಿಸಿ ಐವಿಯ ಪಕ್ಕದಲ್ಲೇ ಹಾಕಿ ಅಂದರು. 120ರ ಸ್ಟ್ರೈಕಿಗೆ ಅದು 0.1 ಪರ್ಸೆಂಟ್. 150ಕ್ಕೆ 1.6. ಅಂದರೆ 150ರ ಸಾಲಿನಲ್ಲಿ ನ್ಯೂಟನ್ ಎಂಟು ದಶಾಂಶ ಸ್ಥಾನದವರೆಗೆ ಲೆಕ್ಕ ಹಾಕಿದರೂ, 30.1 ಬಂದಾಗ ಅದನ್ನು 28.5ರಿಂದ 31.7ರೊಳಗೆ ಎಲ್ಲೋ ಇದೆ ಅಂತಲೇ ಓದಬೇಕು. ಈ ಅಂಕಿ 3 ದಾಟಿದ ಸಾಲುಗಳನ್ನು ಅವರು ಪಟ್ಟಿಯಿಂದಲೇ ತೆಗೆಸಿದರು.