ಹಾಕಬಾರದು ಅನ್ನೋದು ಎಲ್ಲಿ ಬರಬೇಕು?

ಶಿರಸಿಯ ಗೆಳೆಯನೊಬ್ಬ ಮಳೆಗಾಲಕ್ಕೆ ಮುಂಚೆ ತನ್ನ ದೊಡ್ಡಪ್ಪನ ಒಂದು ವಿಡಿಯೊ ಕಳಿಸಿದ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋದು ಹೇಗೆ ಅಂತ ಅವರು ತೋಟದಲ್ಲೇ ನಿಂತು ಹೇಳುತ್ತಾರೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಹಿಂದೆ ಜೀರುಂಡೆ ಸದ್ದು ಜೋರು, ಹಾಗಾಗಿ ಸಬ್‌ಟೈಟಲ್ ಬೇಕೇಬೇಕು.

ಅವನು ಮೊಬೈಲ್ ಆ್ಯಪ್ ಒಂದರಲ್ಲಿ ಆಗಲೇ ಹಾಕಿ ನೋಡಿದ್ದ. "ಒಂದು ಒತ್ತಕ್ಷರನೂ ನೆಟ್ಟಗಿಲ್ಲ ಮಾರಾಯ" ಅಂದ. ನಿಜ. ಮೈಲುತುತ್ತ ಹೋಗಿ 'ಮೈಲುತುತ್‌ತ' ಆಗಿತ್ತು, ದ್ರಾವಣ 'ದ್‌ರಾವಣ' ಆಗಿತ್ತು. ಇದರಲ್ಲಿ ಟೈಪಿಂಗ್ ತಪ್ಪೇನೂ ಇರಲಿಲ್ಲ. ಯುನಿಕೋಡ್‌ನಲ್ಲಿ 'ತ್ತ' ಅಂದರೆ ತ, ಹಲಂತ, ತ ಅನ್ನುವ ಮೂರು ಸಂಕೇತ. ಅವನ್ನು ಕೂಡಿಸಿ ಒತ್ತು ಮಾಡೋದು ಅಕ್ಷರವನ್ನು ತೆರೆಯ ಮೇಲೆ ಮೂಡಿಸುವ ತಂತ್ರಾಂಶದ ಕೆಲಸ. ಅದು ಮೂರನ್ನೂ ಸುಮ್ನೆ ಸಾಲಾಗಿ ಇಟ್ಟುಬಿಟ್ಟರೆ ಒತ್ತು ಒಡೆದುಹೋಗುತ್ತದೆ. ಫಾಂಟ್ ಎಷ್ಟು ಬದಲಿಸಿದರೂ ಇದು ಸರಿಹೋಗುವುದಿಲ್ಲ.

ನಾನು ಲ್ಯಾಪ್‌ಟಾಪಿನಲ್ಲಿ, ಸಬ್‌ಟೈಟಲನ್ನು ವಿಡಿಯೊದ ಮೇಲೇ ಅಚ್ಚೊತ್ತಬಲ್ಲ ffmpeg ಅನ್ನೋ ತಂತ್ರಾಂಶ ಬಳಸಿದೆ.

```
ffmpeg -i tota.mp4 -vf "subtitles=tota.srt:force_style='FontName=Noto Sans Kannada,FontSize=12,MarginV=60'" -c:a copy out.mp4
```

ಇದು ಓಡುವಾಗ ತೆರೆಯ ಮೇಲೆ Shaper ಅಂತ ಒಂದು ಸಾಲು ಬರುತ್ತದೆ. ಅದರಲ್ಲಿ HarfBuzz ಹೆಸರಿದ್ದರೆ ಒತ್ತಕ್ಷರದ ಚಿಂತೆ ಬಹುತೇಕ ಬಿಟ್ಟಂತೆ, ಒತ್ತು ಕೂಡಿಸೋದು ಅದೇ. ಪಕ್ಕದಲ್ಲೇ fontselect ಸಾಲನ್ನೂ ನೋಡಿ. ನೀವು ಕೇಳಿದ ಫಾಂಟ್ ಸಿಗದಿದ್ದರೆ ಅದು ಸದ್ದಿಲ್ಲದೆ ಬೇರೊಂದನ್ನು ಎತ್ತಿಕೊಂಡಿರುತ್ತದೆ.

FontSize 12 ಅಂದರೆ 12 ಪಿಕ್ಸೆಲ್ ಅಲ್ಲ. ಎಸ್‌ಆರ್‌ಟಿ ಕಡತ ಕೊಟ್ಟಾಗ ffmpeg ಪರದೆಯ ಎತ್ತರವನ್ನು 288 ಅಂತ ಹಿಡಿಯುತ್ತದೆ. 1920 ಎತ್ತರದ ನಿಂತ ವಿಡಿಯೊದಲ್ಲಿ 12 ಅನ್ನೋದು 80 ಪಿಕ್ಸೆಲ್ ಆಗುತ್ತದೆ, ಕೆಳಗಿನ ಅಂಚು 60 ಅನ್ನೋದು 400 ಆಗುತ್ತದೆ. ಅಷ್ಟು ಜಾಗ ಬೇಕೇಬೇಕು. ರೀಲ್ಸ್ ಥರದ ಕಡೆ ಹೆಸರು, ವಿವರಣೆ ಎಲ್ಲ ಕೆಳಗೇ ಬಂದು ಕೂರುತ್ತವೆ, ಅಲ್ವಾ?

ಇಷ್ಟಾದ ಮೇಲೆ ನಿಜವಾದ ತಲೆನೋವು ಶುರುವಾಯಿತು. ದೊಡ್ಡಪ್ಪ ಒಂದು ಕಡೆ ಗಟ್ಟಿಯಾಗಿ ಹೇಳುತ್ತಾರೆ: "ಮೈಲುತುತ್ತದ ನೀರಿಗೆ ಸುಣ್ಣದ ನೀರು ಹಾಕಬಾರದು." ಸುಣ್ಣದ ನೀರಿಗೇ ಮೈಲುತುತ್ತದ ನೀರನ್ನು ನಿಧಾನಕ್ಕೆ ಸುರಿಯಬೇಕು ಅನ್ನೋದು ಅವರ ಮಾತು. ಆ್ಯಪ್ ಇದನ್ನು ಎರಡು ಸಬ್‌ಟೈಟಲ್ ಮಾಡಿತ್ತು. ಮೊದಲು 'ಮೈಲುತುತ್ತದ ನೀರಿಗೆ ಸುಣ್ಣದ ನೀರು', ಆಮೇಲೆ 'ಹಾಕಬಾರದು ಗೊತ್ತಾಯ್ತಾ'. ಮೊದಲನೆಯದನ್ನು ಓದಿ ಕಣ್ಣು ತೆಗೆದವನು ಸರಿಯಾಗಿ ಉಲ್ಟಾನೇ ಮಾಡುತ್ತಾನೆ. ನಮ್ಮ ಕನ್ನಡದಲ್ಲಿ ಬೇಕು, ಬೇಡ, ಬಾರದು, ಇಲ್ಲ ಎಲ್ಲ ವಾಕ್ಯದ ಬಾಲದಲ್ಲೇ ಇರುತ್ತವೆ. ಹಾಗಾಗಿ ಬೇರೆಲ್ಲಿ ಬೇಕಾದರೂ ಕತ್ತರಿಸಿ, ಆ ಬಾಲವನ್ನು ಮಾತ್ರ ಮುಂದಿನ ಸಬ್‌ಟೈಟಲಿಗೆ ತಳ್ಳಬೇಡಿ. ನಾನು ಹೀಗೆ ಮಾಡಿದೆ:

```
7
00:00:12,400 --> 00:00:14,900
ಮೈಲುತುತ್ತದ ನೀರಿಗೆ
ಸುಣ್ಣದ ನೀರು ಹಾಕಬಾರದು
```

ಯಾವುದಕ್ಕೆ ಅನ್ನೋದು ಮೇಲೆ, ಏನನ್ನು ಹಾಕಬಾರದು ಅನ್ನೋದು ಕೆಳಗೆ. 'ಗೊತ್ತಾಯ್ತಾ' ಬಿಟ್ಟೆ. ಅದು ಅವರ ಮುಖದಲ್ಲೇ ಕಾಣುತ್ತದೆ.

ಸಮಯದ ಲೆಕ್ಕಕ್ಕೆ ಸಬ್‌ಟೈಟಲ್ ತಂತ್ರಾಂಶ ಸೆಕೆಂಡಿಗೆ ಎಷ್ಟು ಅಕ್ಷರ ಅಂತ ತೋರಿಸುತ್ತದೆ. ನಾನು ಬಳಸುವುದು ಸಂಕೇತಗಳನ್ನು ಎಣಿಸುತ್ತದೆ. ಮೇಲಿನ ಎರಡು ಸಾಲಿನಲ್ಲಿ ನಮ್ಮ ಕಣ್ಣಿಗೆ ಕಾಣೋದು 18 ಅಕ್ಷರ, ಅದಕ್ಕೆ ಕಾಣೋದು ಖಾಲಿ ಜಾಗವೂ ಸೇರಿ 37. 'ರಾಷ್ಟ್ರೀಯ' ಬಂದರಂತೂ ಮೂರಕ್ಕೆ ಒಂಬತ್ತು! ಒತ್ತು ಜಾಸ್ತಿ ಇದ್ದ ಸಾಲಿಗೆ, ಓದಲು ವೇಗ ಜಾಸ್ತಿ ಆಯ್ತು ಅಂತ ಸುಮ್ಮನೆ ಕೆಂಪು ಬರುತ್ತದೆ. ಅದಕ್ಕೇ ನಾನು ಅಕ್ಷರ ಎಣಿಸಿ, ಸೆಕೆಂಡಿಗೆ ಎಂಟರ ಆಸುಪಾಸು ಇಟ್ಟುಕೊಳ್ಳುತ್ತೇನೆ. ಇದು ನನ್ನ ಅಂದಾಜು, ನಿಯಮ ಅಲ್ಲ. ಮಾಹಿತಿಯ ವಿಡಿಯೊಗೆ ಇನ್ನೂ ನಿಧಾನ ಇದ್ದರೆ ಒಳ್ಳೆಯದು.

ದೊಡ್ಡಪ್ಪ ಈ ಮಾತನ್ನು ಒಂದೂವರೆ ಸೆಕೆಂಡಿನಲ್ಲಿ ಹೇಳಿ ಮುಗಿಸುತ್ತಾರೆ. 18 ಅಕ್ಷರಕ್ಕೆ ಅದು ಸಾಲದು. ಪುಣ್ಯಕ್ಕೆ ಆಮೇಲೆ ಬಕೆಟ್ ಎತ್ತಿಕೊಳ್ಳಲು ಬಗ್ಗುತ್ತಾರೆ. ಆ ಮೌನದಿಂದ ಒಂದು ಸೆಕೆಂಡ್ ಕಡ ತೆಗೆದುಕೊಂಡೆ. ಶುರು ಮಾತ್ರ ಮಾತಿನ ಜೊತೆಗೇ ಇರಲಿ. ಮುಂಚೆ ಬಂದರೆ ತುಟಿಗೂ ಓದಿಗೂ ತಾಳ ತಪ್ಪುತ್ತದೆ.

ಮುಗಿಸಿ ಕಳಿಸಿದೆ. ಗೆಳೆಯ ತೋಟದ ಬಿಸಿಲಲ್ಲಿ ತನ್ನ ಸಣ್ಣ ಫೋನಿನಲ್ಲಿ ನೋಡಿ, "ಒತ್ತುಗಳು ಮಸುಕು" ಅಂದ. ವಿಡಿಯೊ ಫಾರ್ವರ್ಡ್ ಆಗುತ್ತಾ ಕುಗ್ಗಿದಾಗ ಮೊದಲು ಕರಗೋದು ಕೆಳಗಿನ ತೆಳ್ಳಗಿನ ಒತ್ತುಗಳೇ. force_style ಒಳಗೆ Bold=1,Outline=1.5 ಸೇರಿಸಿ, ಗಾತ್ರವನ್ನು 13 ಮಾಡಿ ಮತ್ತೆ ಕಳಿಸಿದೆ. ಸಾಲು ಸ್ವಲ್ಪ ಅಗಲವಾಯಿತು, 'ಹಾಕಬಾರದು' ಮಾತ್ರ ಅದೇ ಸಾಲಿನಲ್ಲಿ ಉಳಿಯಿತು.